ನಿಂಬೆ ಗಾತ್ರದ ಹುಣಸೆಹಣ್ಣು ಅಲ್ಲಿ ಎಷ್ಟು ಚಮಚ?

ಬೆಂಗಳೂರಿನಿಂದ ಹೊರದೇಶಕ್ಕೆ ಹೊರಟವರೆಲ್ಲ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತಾರೆ. ಹುಣಸೆಹಣ್ಣಿನ ಬಗ್ಗೆ ಯೋಚಿಸುವವರು ಕಮ್ಮಿ. ಅಲ್ಲೂ ಸಿಗುತ್ತಲ್ಲ, ಬಿಡು ಅಂದುಕೊಳ್ಳುತ್ತೇವೆ. ಸಿಗುತ್ತದೆ, ನಿಜ. ಆದರೆ ಮೂರು ರೂಪದಲ್ಲಿ ಸಿಗುತ್ತದೆ, ಮೂರರ ಹುಳಿಯೂ ಬೇರೆ ಬೇರೆ. ಇದು ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು. ಇಂಗ್ಲೆಂಡಿನಲ್ಲಿ ಹದಿನಾಲ್ಕು ವರ್ಷ ಕಳೆದು, ಈಗ ರಜೆಗೆ ಬಸವನಗುಡಿಯ ಅಮ್ಮನ ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ದಿನದ ಕಥೆ ಹೇಳುತ್ತೇನೆ. ಅಲ್ಲಿಗೆ ಹೋದ ಹೊಸದು. ನಮ್ಮವರು ನಾಲ್ಕು ಜನ ಊಟಕ್ಕೆ ಬರುವವರಿದ್ದರು. ಎಲ್ಲೋ ನೋಡಿದ ಅಳತೆಯಲ್ಲಿ ‘ಎರಡು ದೊಡ್ಡ ಚಮಚ ಹುಣಸೆ ಕಾನ್ಸನ್ಟ್ರೇಟ್’ ಅಂತಿತ್ತು. ನನ್ನ ಡಬ್ಬಿ ಮೇಲೂ ಕಾನ್ಸನ್ಟ್ರೇಟ್ ಅಂತಲೇ ಇತ್ತು. ಹಾಕಿದೆ. ಸಾರು ಕಪ್ಪಗಾಯಿತು. ಬಾಯಿಗಿಟ್ಟರೆ ಹಲ್ಲು ಜುಮ್ಮೆಂದಿತು. ಬೆಲ್ಲ ಹಾಕಿದೆ, ಉಪ್ಪು ಹಾಕಿದೆ, ಇನ್ನೂ ಹತ್ತು ನಿಮಿಷ ಕುದಿಸಿದೆ. ಬಂದವರು ಏನೂ ಹೇಳದೆ ಮೊಸರನ್ನ ಕಲಸಿಕೊಂಡರು. ಅವರಿಗೂ ಅದು ಎಷ್ಟೋ ದಿನದ ಮೇಲೆ ಸಿಕ್ಕ ಮನೆ ಊಟ. ಅದನ್ನು ಕೆಡಿಸಿದೆನಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ.

ಆಗಿದ್ದು ಇಷ್ಟು. ಆ ಅಳತೆ ಥಾಯ್ ಬಾಟಲಿಯದ್ದು, ನಾನು ಹಾಕಿದ್ದು ನಮ್ಮ ದೇಶದ ಡಬ್ಬಿಯದ್ದು. ಥಾಯ್ ಅಂಗಡಿಗಳಲ್ಲಿ ಸಿಗುವ ಬಾಟಲಿಯಲ್ಲಿ ಇರುವುದು ಹೆಚ್ಚುಕಮ್ಮಿ ನಾವು ಮನೆಯಲ್ಲಿ ಕಿವುಚಿ ಸೋಸಿದ ಗಟ್ಟಿ ರಸವೇ. ಕಂದು ಬಣ್ಣ, ಚಮಚದಿಂದ ಸರಾಗವಾಗಿ ಸುರಿಯುತ್ತದೆ. ಅದರ ಮೇಲೆ ಕೆಲವೊಮ್ಮೆ ಪೇಸ್ಟ್ ಅಂತ, ಕೆಲವೊಮ್ಮೆ ಕಾನ್ಸನ್ಟ್ರೇಟ್ ಅಂತ ಬರೆದಿರುತ್ತದೆ. ನಮ್ಮ ದೇಶದಿಂದ ಹೋಗುವ ಪುಟ್ಟ ಡಬ್ಬಿಯದ್ದು ಬೇರೆ. ಅದು ರಸವನ್ನು ನೀರು ಹಾರುವವರೆಗೆ ಕಾಯಿಸಿ ಇಳಿಸಿದ್ದು. ಕಾಕಂಬಿಯ ಹಾಗೆ ಕಪ್ಪು, ಅಂಟು. ಈ ಕಪ್ಪು ಡಬ್ಬಿಯ ಒಂದು ಚಿಕ್ಕ ಚಮಚಕ್ಕೆ ಥಾಯ್ ಬಾಟಲಿಯ ಎರಡು ದೊಡ್ಡ ಚಮಚ ಹೆಚ್ಚುಕಮ್ಮಿ ಸಮ. ಆದ್ದರಿಂದ ಡಬ್ಬಿಯ ಹೆಸರು ನಂಬಬೇಡಿ. ಚಮಚ ಅದ್ದಿ ಬಗ್ಗಿಸಿ ನೋಡಿ. ತಕ್ಷಣ ಸುರಿದರೆ ರಸ, ಕಚ್ಚಿಕೊಂಡು ನಿಧಾನವಾಗಿ ಇಳಿದರೆ ಕಾಯಿಸಿದ್ದು. ಹಿಂದೆ ಬರೆದಿರುವುದನ್ನೂ ಓದಿ. ಕೆಲವದರಲ್ಲಿ ಉಪ್ಪು ಸೇರಿರುತ್ತದೆ. ಅಂಥದ್ದಾದರೆ ಸಾರಿಗೆ ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕಿ.

ಹುಳಿ ಜಾಸ್ತಿಯಾದರೆ ಕುದಿಸಿ ಪ್ರಯೋಜನವಿಲ್ಲ. ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು. ಅದು ಆವಿಯಾಗಿ ಹೋಗುವುದಿಲ್ಲ. ನೀರು ಇಂಗಿದಷ್ಟೂ ಹುಳಿ ಏರುತ್ತದೆ. ಬೆಲ್ಲ ಹುಳಿಯನ್ನು ಮರೆಮಾಡುತ್ತದೆ, ತೆಗೆಯುವುದಿಲ್ಲ. ಅರ್ಧ ಸಾರು ಬೇರೆ ಪಾತ್ರೆಗೆ ಎತ್ತಿಡಿ. ಉಳಿದದ್ದಕ್ಕೆ ಬೇಳೆ ಕಟ್ಟು, ನೀರು ಸೇರಿಸಿ ಮತ್ತೆ ಹದ ಮಾಡಿ. ಎತ್ತಿಟ್ಟದ್ದು ಮಾರನೆಯ ದಿನಕ್ಕಾಗುತ್ತದೆ. ನನಗೆ ಅವತ್ತು ಇದು ಗೊತ್ತಿರಲಿಲ್ಲ.

ಕಾನ್ಸನ್ಟ್ರೇಟ್ ಬಿಟ್ಟು ಇಟ್ಟಿಗೆಯ ಹಾಗೆ ಒತ್ತಿದ ಹುಣಸೆಗೆ ಬಂದೆ. ಅಲ್ಲೂ ತಪ್ಪಿದೆ. ಬೆಂಗಳೂರಿನಲ್ಲಿ ಅಮ್ಮ ನಲ್ಲಿ ನೀರಿನಲ್ಲೇ ನೆನೆಹಾಕುತ್ತಿದ್ದಳು, ನಾನೂ ಹಾಗೇ ಮಾಡಿದೆ. ಜನವರಿಯಲ್ಲಿ ಅಲ್ಲಿನ ನಲ್ಲಿ ನೀರಿಗೆ ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ. ಆ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಹಣ್ಣು ಬಿಡುವುದಿಲ್ಲ. ತಿಳಿ ನೀರು ಬರುತ್ತದೆ, ಸಾರು ಸಪ್ಪೆ. ಈ ಹಣ್ಣಿನಲ್ಲಿ ಹುಳಿಯೇ ಇಲ್ಲ ಅಂತ ಅಂಗಡಿ ಬದಲಾಯಿಸಿದೆ. ಅರ್ಧ ಹಣ್ಣನ್ನು ನಾರಿನ ಜೊತೆ ಕಸಕ್ಕೆ ಹಾಕುತ್ತಿದ್ದೆ ಅನ್ನುವುದು ಆಮೇಲೆ ಹೊಳೆಯಿತು.

ಈಗ ಹೀಗೆ ಮಾಡುತ್ತೇನೆ. ಅರ್ಧ ಲೋಟ ತೊಗರಿಬೇಳೆ ಬೇಯಿಸಿ, ಸುಮಾರು ಒಂದು ಲೀಟರ್ ಸಾರು ಮಾಡುವುದಾದರೆ 20 ಗ್ರಾಂ ಹಣ್ಣು ಮುರಿದುಕೊಳ್ಳುತ್ತೇನೆ. ಬಿಡಿಬಿಡಿಯಾಗಿ ಕಿತ್ತು ಸ್ಟೀಲ್ ಬಟ್ಟಲಿಗೆ ಹಾಕುತ್ತೇನೆ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಮುಳುಗುವಷ್ಟೇ ಬಿಸಿನೀರು ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡುತ್ತೇನೆ. ಕೈ ತಾಳುವಷ್ಟು ಆರಿದ ಮೇಲೆ ಕಿವುಚಿ ಗಟ್ಟಿ ರಸ ಸೋಸುತ್ತೇನೆ. ಅದೇ ನಾರಿಗೆ ಇನ್ನಷ್ಟು ಬಿಸಿನೀರು ಹಾಕಿ ಎರಡನೇ ಸಲ, ಮೂರನೇ ಸಲ. ಒಂದೇ ಸಲಕ್ಕೆ ನೀರು ಸುರಿದರೆ ಹಣ್ಣು ಕೈಗೆ ಸಿಗದೆ ಜಾರುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪ. ಕೊನೆಗೆ ನಾರು ಬೆಳ್ಳಗೆ, ಒರಟಾಗಿ ಉಳಿದರೆ ಕೆಲಸ ಮುಗಿಯಿತು. ಕಂದು ತಿರುಳು ಇನ್ನೂ ಅಂಟಿಕೊಂಡಿದ್ದರೆ ಹುಳಿ ಅಲ್ಲೇ ಇದೆ. ಬೀಜ ತೆಗೆದದ್ದು ಅಂತ ಬರೆದಿದ್ದರೂ ಒಂದೆರಡು ಚೂರು ಇದ್ದೇ ಇರುತ್ತವೆ, ಸೋಸುವುದನ್ನು ಬಿಡಬೇಡಿ.

ಅದೇ ಒಂದು ಲೀಟರ್ ಸಾರಿಗೆ ಕಪ್ಪು ಕಾನ್ಸನ್ಟ್ರೇಟ್ ಆದರೆ ಒಂದು ಚಿಕ್ಕ ಚಮಚ, ತಲೆತಟ್ಟಿ. ಮೊದಲು ಅರ್ಧ ಹಾಕಿ ನೋಡಿ. ಬಿಸಿನೀರಿನಲ್ಲಿ ಕದಡಿಯೇ ಹಾಕಿ, ಇಲ್ಲದಿದ್ದರೆ ತಳದಲ್ಲಿ ಮುದ್ದೆಯಾಗಿ ಕೂರುತ್ತದೆ. ಹಾಕುವ ಹೊತ್ತೂ ಬೇರೆ. ಕೈಯಲ್ಲಿ ಕಿವುಚಿದ ರಸಕ್ಕೆ ಹಸಿ ವಾಸನೆ ಇರುತ್ತದೆ, ಅದು ಹೋಗಲು ಎಂಟು ಹತ್ತು ನಿಮಿಷ ಕುದಿಯಬೇಕು. ಕಾಯಿಸಿದ್ದು ಆಗಲೇ ಬೆಂದಿದೆ, ಅದಕ್ಕೆ ಕೊನೆಯ ಎರಡು ಮೂರು ನಿಮಿಷ ಸಾಕು. ಯಾವುದೇ ಆಗಲಿ, ತರಕಾರಿ ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಬಿದ್ದರೆ ಹುರುಳಿಕಾಯಿ, ಆಲೂಗಡ್ಡೆ ಎಷ್ಟು ಹೊತ್ತಾದರೂ ಗಟ್ಟಿಯಾಗೇ ಇರುತ್ತವೆ.

ಇಷ್ಟು ಲೆಕ್ಕ ಹಾಕಿದರೂ ಎರಡೂ ಒಂದೇ ಆಗುವುದಿಲ್ಲ. ಕಿವುಚಿದ ರಸದಲ್ಲಿ ಹಣ್ಣಿನ ಸಣ್ಣ ಸಿಹಿ ಇದೆ, ಪರಿಮಳ ಇದೆ. ಹುಳಿ ನಿಧಾನವಾಗಿ ಬರುತ್ತದೆ. ಕಾಯಿಸಿದ್ದರಲ್ಲಿ ಪರಿಮಳ ಹೋಗಿ ಹುಳಿ ಮಾತ್ರ ಉಳಿದಿರುತ್ತದೆ, ಬಾಯಿಗಿಟ್ಟ ಕೂಡಲೇ ಹೊಡೆಯುತ್ತದೆ. ಕೆಲಸದ ದಿನ ರಾತ್ರಿ ಎಂಟಕ್ಕೆ ಮನೆ ಸೇರುವ ನನ್ನಂಥವರಿಗೆ ಅದು ತಪ್ಪಲ್ಲ. ಆದರೆ ಪುಳಿಯೋಗರೆ ಗೊಜ್ಜಿಗೆ ದಯವಿಟ್ಟು ಬೇಡ. ಬೆಂದದ್ದನ್ನೇ ಎಣ್ಣೆಯಲ್ಲಿ ಮತ್ತೆ ಅರ್ಧ ಗಂಟೆ ಕಾಯಿಸಿದರೆ ಕಹಿ ತಿರುಗುತ್ತದೆ.

ಇಲ್ಲಿಂದ ಒಯ್ಯುವುದಾದರೆ ಬೀಜ ತೆಗೆದದ್ದನ್ನೇ ಒಯ್ಯಿರಿ, ಆ ದೇಶದ ನಿಯಮ ನೋಡಿಕೊಂಡು ಕಸ್ಟಮ್ಸ್ ಫಾರ್ಮಿನಲ್ಲಿ ಬರೆಯಿರಿ.

ಬೇಸಿಗೆಯಲ್ಲಿ ನಮ್ಮ ಮನೆ ತಾರಸಿ ಮೇಲೆ ಹೊಸ ಹುಣಸೆಹಣ್ಣು ಒಣಗುತ್ತಿತ್ತು. ಓಡು ಬಿಡಿಸಿ, ಜಜ್ಜಿ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತುವುದು ನಮ್ಮ ರಜೆಯ ಕೆಲಸ. ಬೀಜಗಳು ಚೌಕಾಬಾರಕ್ಕೆ. ನನ್ನ ಮಗಳು ಇದ್ಯಾವುದನ್ನೂ ನೋಡಿಲ್ಲ. ಅವಳು ಬೆಳೆದದ್ದು ಕಪ್ಪು ಡಬ್ಬಿಯ ಸಾರಿನಲ್ಲಿ. ಹೋದ ವಾರ ಅಜ್ಜಿಯ ಸಾರು ತಿಂದು, “ಅಮ್ಮ, ಇದು ನಮ್ಮನೆ ಸಾರಿನ ಥರ ಇಲ್ಲ” ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳಿಗೆ ಮನೆ ಸಾರು ಅಂದರೆ ಅದೇ ತಾನೆ?

ಆವತ್ತಿನಿಂದ ಅಮ್ಮ ನಿಂಬೆ ಗಾತ್ರ ಅಂತ ಕಿತ್ತ ಹಣ್ಣನ್ನು ದಿನಾ ತೂಕ ಹಾಕುತ್ತಿದ್ದೇನೆ. ಒಂದು ದಿನ 22 ಗ್ರಾಂ, ಇನ್ನೊಂದು ದಿನ 18. ಯಾಕೆ ಕಮ್ಮಿ ಅಂದರೆ, “ಇದು ಹಳೇ ಹಣ್ಣು ಕಣೇ, ಬಣ್ಣ ಜಾಸ್ತಿ ಬಿಡುತ್ತೆ” ಅಂದಳು. ಇವತ್ತು ಬೆಳಿಗ್ಗೆ ಕಿವುಚಿದ್ದು ಮಗಳು. ನಾರು ಬೆಳ್ಳಗಾಯಿತಾ ಅಂತ ಅಜ್ಜಿಗೆ ಮೂರು ಸಲ ತೋರಿಸಿದಳು. ಎರಡು ಸಲ ಅಜ್ಜಿ ಇನ್ನೂ ಇದೆ ಅಂದಳು.