36 ನಿಮಿಷದ ಮೈಕ್ರೋ ಟೀಚಿಂಗ್: ಮಗುವಿನ ಉತ್ತರದ ಮೇಲೆ ಪ್ರಶ್ನೆ ಕೇಳುವುದು ಹೇಗೆ?

ಬಿ.ಎಡ್. ಓದುವವರು ಶಾಲೆಗೆ ಹೋಗುವ ಮುಂಚೆ ಮೈಕ್ರೋ ಟೀಚಿಂಗ್, ಅಂದರೆ ಒಂದೇ ಬೋಧನಾ ಕೌಶಲವನ್ನು ಕೆಲವೇ ನಿಮಿಷದ ಚಿಕ್ಕ ಪಾಠದಲ್ಲಿ ಅಭ್ಯಾಸ ಮಾಡುವುದು, ಮಾಡಲೇಬೇಕು. ಎಷ್ಟೋ ಕಡೆ ಅದು ನಡೆಯುವ ರೀತಿ ನೋಡಿದರೆ ಬೇಜಾರಾಗುತ್ತದೆ. ಒಬ್ಬರು ಪಾಠ ಮಾಡುತ್ತಾರೆ, ಗೆಳೆಯರು "ಚೆನ್ನಾಗಿತ್ತು" ಅನ್ನುತ್ತಾರೆ, ಅದೇ ಪಾಠ ಇನ್ನೊಮ್ಮೆ ಆಗುತ್ತದೆ, ರೆಕಾರ್ಡ್ ಪುಸ್ತಕ ತುಂಬುತ್ತದೆ. ಕಲಿತದ್ದು ಏನೂ ಇಲ್ಲ. ಆಮೇಲೆ ನಿಜವಾದ ತರಗತಿಯಲ್ಲಿ ಮಗು ತಪ್ಪು ಉತ್ತರ ಕೊಟ್ಟಾಗ ಮುಂದೇನು ಹೇಳಬೇಕೆಂದು ತಿಳಿಯದೆ ನಿಲ್ಲುತ್ತಾರೆ.

ಮೈಕ್ರೋ ಟೀಚಿಂಗ್ 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ನಮ್ಮಲ್ಲಿ ಬಳಕೆಗೆ ಬಂದದ್ದು ಎನ್‌ಸಿಇಆರ್‌ಟಿಯ ಮಾದರಿ. ಪಾಠ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಪಾಠ 6, ಮತ್ತೆ ಹಿಮ್ಮಾಹಿತಿ 6. ಒಟ್ಟು 36 ನಿಮಿಷ. ಇದರಲ್ಲಿ ಮರುಯೋಜನೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಇದೆ ಅನ್ನುವುದನ್ನು ಗಮನಿಸಿ. ಎಲ್ಲರೂ ಹಾರಿಸುವುದೂ ಅದನ್ನೇ.

ಕೌಶಲ ಒಂದೇ ಇರಲಿ

ಇಲ್ಲಿ ತೆಗೆದುಕೊಂಡಿರುವುದು ಪ್ರೋಬಿಂಗ್ ಪ್ರಶ್ನೆ. ಅಂದರೆ ಮಗು ಕೊಟ್ಟ ಉತ್ತರವನ್ನೇ ಹಿಡಿದು ಇನ್ನೊಂದು ಪ್ರಶ್ನೆ ಕೇಳುವುದು. ಉತ್ತರ ಬರದಿದ್ದರೆ ಸುಳಿವು ಕೊಟ್ಟು ಕೇಳಬಹುದು. ಅರ್ಧ ಬಂದರೆ "ಇನ್ನೂ ಸ್ವಲ್ಪ ಹೇಳು" ಅನ್ನಬಹುದು. ಅದೇ ಪ್ರಶ್ನೆಯನ್ನು ಇನ್ನೊಬ್ಬರಿಗೆ ದಾಟಿಸಬಹುದು. ಸರಿ ಉತ್ತರ ಬಂದರೆ ಗೊತ್ತಿರುವ ಬೇರೆ ವಿಷಯಕ್ಕೆ ಜೋಡಿಸಬಹುದು, ಇಲ್ಲವೇ "ಹೇಗೆ ಗೊತ್ತಾಯಿತು?" ಅಂತ ಕೇಳಬಹುದು. ಕಪ್ಪು ಹಲಗೆ ಬಳಕೆ, ಪೀಠಿಕೆ, ದೊಡ್ಡ ಚಟುವಟಿಕೆ ಯಾವುದೂ ಈ ಆರು ನಿಮಿಷದಲ್ಲಿ ಬೇಡ.

ವಿಷಯವೂ ತುಂಬ ಚಿಕ್ಕದಿರಲಿ. ಉದಾಹರಣೆಗೆ, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಎಲ್ಲಿಂದ ಬಂತು? ಇಷ್ಟೇ ಸಾಕು. ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಸಿದ್ಧ ಪಾಠ ಯೋಜನೆಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಮಕ್ಕಳು ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರವನ್ನೇ ಹೇಳಿರುತ್ತಾರೆ. ಮಗು ಎಲ್ಲವನ್ನೂ ಸರಿ ಹೇಳಿದರೆ ಈ ಕೌಶಲದ ಅರ್ಧ ಭಾಗ ಅಭ್ಯಾಸಕ್ಕೇ ಸಿಗುವುದಿಲ್ಲ.

ಗೆಳೆಯರ ಕೈಗೆ ಚೀಟಿ ಕೊಡಿ

ಮಕ್ಕಳ ಜಾಗದಲ್ಲಿ ಕೂರುವವರು ಐದರಿಂದ ಹತ್ತು ಮಂದಿ ಸಹಪಾಠಿಗಳು. ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಮಕ್ಕಳು ನಿಜವಾಗಿ ಹೇಳುವ ಮಾತುಗಳನ್ನು ಚೀಟಿಯಲ್ಲಿ ಬರೆದು ಹಂಚಿ. "ಲೋಟ ಸೋರ್ತಾ ಇದೆ ಮಿಸ್", "ಗಾಳಿಯಿಂದ ಬಂತು", "ಗೊತ್ತಿಲ್ಲ". ಈ ಚೀಟಿಗಳನ್ನು ಪಾಠ ಮಾಡುವವರು ಬರೆಯಬಾರದು, ಪಾಠ ನೋಡಿ ಹಿಮ್ಮಾಹಿತಿ ಕೊಡುವ ವೀಕ್ಷಕರು ಬರೆಯಬೇಕು. ಯಾರ ಕೈಯಲ್ಲಿ ಯಾವುದಿದೆ ಅಂತಲೂ ಪಾಠ ಮಾಡುವವರಿಗೆ ತಿಳಿಯಬಾರದು.

ಪಾಠ, ಮತ್ತು ವೀಕ್ಷಕರ ಹಾಳೆ

ಪಾಠ ಆರು ನಿಮಿಷಕ್ಕೆ ನಿಲ್ಲಬೇಕು, ಮಾತು ಅರ್ಧದಲ್ಲಿದ್ದರೂ ಸರಿ. ವೀಕ್ಷಕರು ಹಾಳೆಯ ಮಧ್ಯೆ ಗೆರೆ ಎಳೆದುಕೊಳ್ಳಲಿ. ಎಡಗಡೆ ಮಗುವಿನ ಉತ್ತರ, ಬಲಗಡೆ ಅದರ ಹಿಂದೆಯೇ ಶಿಕ್ಷಕಿ ಹೇಳಿದ ಮಾತು, ಇದ್ದದ್ದು ಇದ್ದ ಹಾಗೆ. ಅಂಕ ಹಾಕುವ ಮುದ್ರಿತ ಹಾಳೆಗಳನ್ನು ನಾನು ಬಳಸಲು ಬಿಡುವುದಿಲ್ಲ. ಗೆಳೆತನಕ್ಕೆ ಎಲ್ಲರೂ ಒಳ್ಳೆಯ ಅಂಕವನ್ನೇ ಕೊಡುತ್ತಾರೆ, ಯಾವ ಮಾತು ಬದಲಾಗಬೇಕು ಅನ್ನುವುದು ಅದರಲ್ಲಿ ಕಾಣಿಸುವುದಿಲ್ಲ. ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಈ ಕೌಶಲಕ್ಕೆ ವಿಡಿಯೋ ಬೇಡ. ವಿಡಿಯೋ ಇದ್ದರೆ ಗಮನ ಸೀರೆ, ಕೈ, ನಿಂತ ಭಂಗಿಯ ಕಡೆಗೆ ಹೋಗಿಬಿಡುತ್ತದೆ.

ಲೋಟದ ಪಾಠದ ಮೊದಲ ಸುತ್ತಿನ ಹಾಳೆ ಸಾಮಾನ್ಯವಾಗಿ ಹೀಗಿರುತ್ತದೆ. "ಲೋಟ ಸೋರ್ತಾ ಇದೆ." ಶಿಕ್ಷಕಿ: "ಅಲ್ಲ, ಬೇರೆ ಯಾರಾದರೂ ಹೇಳಿ." "ಗಾಳಿಯಿಂದ ಬಂತು." ಶಿಕ್ಷಕಿ: "ವೆರಿ ಗುಡ್! ಗಾಳಿಯಲ್ಲಿರುವ ನೀರಾವಿ ತಣ್ಣಗಾಗಿ ಹನಿ ಆಗಿದೆ." "ಗೊತ್ತಿಲ್ಲ." ಶಿಕ್ಷಕಿ: "ಕೂತ್ಕೋ."

ಹಿಮ್ಮಾಹಿತಿ: ಇಲ್ಲೇ ಎಡವುವುದು

ಮೊದಲು ಪಾಠ ಮಾಡಿದವರೇ ಮಾತಾಡಲಿ. ಆಮೇಲೆ ವೀಕ್ಷಕರು ಹಾಳೆಯನ್ನು ಸುಮ್ನೆ ಓದಲಿ. "ನಿಮಗೆ ಆತ್ಮವಿಶ್ವಾಸ ಕಡಿಮೆ" ಅನ್ನುವಂಥ ಮಾತು ಬೇಡ. ಅದನ್ನು ಕೇಳಿದವರು ಹನ್ನೆರಡು ನಿಮಿಷದಲ್ಲಿ ಏನು ಬದಲಿಸಲು ಸಾಧ್ಯ? "ಮಗು ಗಾಳಿ ಅಂದಿತು, ಉಳಿದದ್ದನ್ನೆಲ್ಲ ನೀವೇ ಹೇಳಿದಿರಿ" ಅಂದರೆ ಕೆಲಸಕ್ಕೆ ಬರುತ್ತದೆ.

ಮೇಲಿನ ಹಾಳೆಯಲ್ಲಿ ಒಂದು ಮೋಸವಿದೆ. "ಬೇರೆ ಯಾರಾದರೂ ಹೇಳಿ" ಅಂದದ್ದನ್ನು ಪ್ರಶ್ನೆ ದಾಟಿಸಿದ ಲೆಕ್ಕಕ್ಕೆ ಹಾಕಿ ಟಿಕ್ ಮಾಡುವವರು ತುಂಬಾ ಮಂದಿ. ಅಲ್ಲಿ ಆದದ್ದು ಸರಿ ಉತ್ತರದ ಹುಡುಕಾಟ ಅಷ್ಟೇ. ಲೋಟ ಸೋರುತ್ತಿದೆ ಅಂದ ಮಗು ಅದೇ ನಂಬಿಕೆಯಲ್ಲೇ ಉಳಿಯಿತು. ಆ ಮಗುವಿನ ಹತ್ತಿರ ಮತ್ತೆ ಬಂದರೆ ಮಾತ್ರ ಟಿಕ್ ಹಾಕಿ.

ಕಾಯುವ ಸಮಯವನ್ನೂ ಧ್ವನಿಮುದ್ರಣದಲ್ಲಿ ನೋಡಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಬದಲಿಸಲು ಎರಡೇ ಅಂಶ ಆರಿಸಿಕೊಳ್ಳಿ. ಐದಾರು ಹೇಳಿದರೆ ಒಂದೂ ಬದಲಾಗುವುದಿಲ್ಲ.

ಮರುಯೋಜನೆಯ 12 ನಿಮಿಷ

ಈ ಹೊತ್ತಿನಲ್ಲಿ ಹೊಸ ಪ್ರಶ್ನೆಗಳ ಪಟ್ಟಿ ಬರೆಯಬೇಡಿ. ಬರಬಹುದಾದ ಉತ್ತರಗಳನ್ನು ಬರೆದು, ಒಂದೊಂದರ ಮುಂದೆ ನಿಮ್ಮ ಮುಂದಿನ ಪ್ರಶ್ನೆ ಬರೆಯಿರಿ.

"ಲೋಟ ಸೋರ್ತಾ ಇದೆ" ಅಂದರೆ: "ಒಳಗೆ ಕುಂಕುಮ ಕಲಸಿದ ನೀರು ಇದ್ದಿದ್ದರೆ ಹೊರಗಿನ ಹನಿ ಯಾವ ಬಣ್ಣ ಇರಬೇಕಿತ್ತು?" ಮಗು "ಕೆಂಪು" ಅನ್ನುತ್ತದೆ. ಆಗ ಕೆಂಪು ನೀರಿನ ಲೋಟ ತೋರಿಸಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಲು ಹೇಳಿ. ಮಗು ತನ್ನ ಉತ್ತರವನ್ನು ತಾನೇ ಬಿಡುತ್ತದೆ. ಲೋಟವನ್ನು ಹತ್ತು ಹದಿನೈದು ನಿಮಿಷ ಮೊದಲೇ ಐಸ್ ಹಾಕಿ ಇಡಿ, ತುಂಬಿ ತುಳುಕಿಸಬೇಡಿ. ಗಾಳಿ ತುಂಬಾ ಒಣಗಿದ್ದ ದಿನ ಹನಿ ಸರಿಯಾಗಿ ಮೂಡುವುದಿಲ್ಲ, ಮೊದಲೇ ಮಾಡಿ ನೋಡಿಕೊಳ್ಳಿ.

"ಗಾಳಿಯಿಂದ" ಅಂದರೆ: "ಗಾಳಿಯಲ್ಲಿ ಏನಿತ್ತು? ಬಿಸಿನೀರಿನ ಲೋಟದ ಹೊರಗೆ ಯಾಕೆ ಹೀಗೆ ಆಗಲ್ಲ?" ಎರಡನ್ನೂ ಒಟ್ಟಿಗೆ ಕೇಳಬೇಡಿ, ಒಂದಾದ ಮೇಲೆ ಒಂದು. "ಗೊತ್ತಿಲ್ಲ" ಅಂದರೆ ಇನ್ನೂ ಕೆಳಗಿಳಿದು ಬನ್ನಿ: "ಲೋಟ ಮುಟ್ಟಿ ನೋಡು, ಹೇಗಿದೆ?" ಸರಿ ಉತ್ತರ ಬಂದರೆ: "ಬೆಳಗ್ಗೆ ಹುಲ್ಲಿನ ಮೇಲಿನ ಇಬ್ಬನಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?"

ಮುಖ್ಯ ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿ. ಆಗಷ್ಟೇ ಕಾಯುವುದಕ್ಕೆ ಸಮಯ ಸಿಗುತ್ತದೆ.

ಮರುಪಾಠ

ಸ್ಟ್ಯಾನ್‌ಫರ್ಡಿನಲ್ಲಿ ಮರುಪಾಠಕ್ಕೆ ಬೇರೆ ಮಕ್ಕಳನ್ನು ಕೂರಿಸುತ್ತಿದ್ದರು. ನಿಮ್ಮಲ್ಲಿ ಜನ ಸಾಲದಿದ್ದರೆ ಪಕ್ಕದ ಗುಂಪಿನವರನ್ನು ಅದಲು ಬದಲು ಮಾಡಿಕೊಳ್ಳಿ, ಅದೂ ಆಗದಿದ್ದರೆ ಚೀಟಿಗಳನ್ನಾದರೂ ಬದಲಿಸಿ. ಅದೇ ಜನ, ಅದೇ ಚೀಟಿ ಇದ್ದರೆ ಪರೀಕ್ಷೆ ಆಗುವುದು ನಿಮ್ಮ ನೆನಪಿನ ಶಕ್ತಿಗೆ.

ಕೊನೆಯ ಹಿಮ್ಮಾಹಿತಿಯಲ್ಲಿ ಎರಡು ಹಾಳೆಗಳನ್ನು ಅಕ್ಕಪಕ್ಕ ಇಡಿ. ತಪ್ಪು ಉತ್ತರದ ಬಲಗಡೆ ಈಗ ಪ್ರಶ್ನೆ ಇದೆಯಾ, ವಿವರಣೆ ಇದೆಯಾ? ಇನ್ನೂ ವಿವರಣೆಯೇ ಇದ್ದರೆ ಮುಂದಿನ ಕೌಶಲಕ್ಕೆ ಹೋಗಬೇಡಿ, ಮರುದಿನ ಬೇರೆ ವಿಷಯದ ಮೇಲೆ ಇದೇ ಸುತ್ತು ಮಾಡಿ. ಪ್ರಶ್ನೆ ಬಂದಿದ್ದರೆ ವಿವರಿಸುವ ಕೌಶಲವನ್ನು ಹೀಗೆಯೇ ಬೇರೆಯಾಗಿ ಅಭ್ಯಾಸ ಮಾಡಿ.

ಗದ್ದಲ, ದೊಡ್ಡ ತರಗತಿ, ಹಿಂದಿನ ಬೆಂಚಿನವರ ಮಾತು, ಇವೆಲ್ಲ ಈ ಸುತ್ತಿನಲ್ಲಿ ಸಿಗುವುದಿಲ್ಲ. ಅದಕ್ಕೇ ಶಾಲೆಗೆ ಹೋಗುವ ಮುಂಚೆ ಕಲಿತ ಕೌಶಲಗಳನ್ನು ಸೇರಿಸಿ ಸುಮಾರು 20 ನಿಮಿಷದ ಒಂದು ಜೋಡಣೆ ಪಾಠ ಮಾಡಿ. ಅದರಲ್ಲಿ ಕೂರುವವರ ಸಂಖ್ಯೆ ಜಾಸ್ತಿ ಇರಲಿ, ಚೀಟಿ ಬೇಡ, ಎರಡು ಕಾಲಂನ ಹಾಳೆ ಮಾತ್ರ ಬಿಡಬೇಡಿ.