ಬಣ್ಣ ‘ತಿರುಗಲಾಯಿತೋ’, ತಿರುಗಿತೋ? ಪ್ರಯೋಗದ ವರದಿ ತಿದ್ದುವುದು ಹೀಗೆ

ಪೆರ್ಲದಲ್ಲಿರುವ ನನ್ನ ಅಣ್ಣನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ. ಮನೆಯ ಹಿತ್ತಲಿನ ಬಿಂಬುಳಿ ಎಷ್ಟು ಹುಳಿ ಅಂತ ಅವಳ ಗುಂಪು ಶಾಲೆಯ ಲ್ಯಾಬಿನಲ್ಲಿ ಅಳೆದು ನೋಡಿತ್ತು. ಪ್ರಯೋಗ ಸರಿಯಾಗಿಯೇ ಆಗಿತ್ತು. ವರದಿ ಮಾತ್ರ ಕೆಂಪು ಗೆರೆಗಳೊಂದಿಗೆ ವಾಪಸ್ ಬಂತು. “ಏನು ತಪ್ಪು ಅಂತಲೇ ಗೊತ್ತಾಗ್ತಿಲ್ಲ ಅತ್ತೆ” ಅಂತ ಅವಳು ನನ್ನ ಮುಂದೆ ತಂದಿಟ್ಟ ಹಾಳೆಯಲ್ಲಿ ಹೀಗಿತ್ತು:

“10 ಮಿ.ಲೀ. ಬಿಂಬುಳಿ ರಸ ತೆಗೆದುಕೊಳ್ಳಬೇಕು. ಅದು ಬಟ್ಟೆಯಲ್ಲಿ ಸೋಸಲಾಯಿತು. ಡಿಸ್ಟಿಲ್ಡ್ ನೀರು ಸೇರಿಸಿ 100 ಮಿ.ಲೀ. ಮಾಡುತ್ತೇವೆ. ಅದರಲ್ಲಿ 20 ಮಿ.ಲೀ. ಫ್ಲಾಸ್ಕಿಗೆ ವರ್ಗಾಯಿಸಲ್ಪಟ್ಟಿತು. ಎರಡು ಹನಿ ಫಿನಾಫ್ತಲೀನ್ ಹಾಕಿದೆವು. ಬ್ಯೂರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ದ್ರಾವಣವು ಗುಲಾಬಿ ಬಣ್ಣಕ್ಕೆ ತಿರುಗಲಾಯಿತು. ಇದಕ್ಕೆ 4.4 ಮಿ.ಲೀ. ಬೇಕಾಗುತ್ತದೆ.”

ಇದನ್ನೇ ಇಟ್ಟುಕೊಂಡು ತಿದ್ದೋಣ.

ಮೊದಲು ಕೊನೆಯ ಪದಗಳನ್ನಷ್ಟೇ ಓದಿ

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಪೆನ್ಸಿಲ್ ಹಿಡಿದು ಪ್ರತಿ ಪೂರ್ಣವಿರಾಮದ ಹಿಂದಿನ ಪದಕ್ಕೆ ಅಡಿಗೆರೆ ಹಾಕಿ, ಅಷ್ಟನ್ನೇ ಗಟ್ಟಿಯಾಗಿ ಓದಿ. ತೆಗೆದುಕೊಳ್ಳಬೇಕು, ಸೋಸಲಾಯಿತು, ಮಾಡುತ್ತೇವೆ, ವರ್ಗಾಯಿಸಲ್ಪಟ್ಟಿತು, ಹಾಕಿದೆವು, ತಿರುಗಲಾಯಿತು, ಬೇಕಾಗುತ್ತದೆ. ಏಳು ವಾಕ್ಯ, ಆರು ರೂಪ! ಇಷ್ಟು ಓದಿದಾಗಲೇ ಹುಡುಗಿಗೆ ನಗು ಬಂತು.

‘ತೆಗೆದುಕೊಳ್ಳಬೇಕು’ ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. ಅದು ಪ್ರಯೋಗ ಮಾಡುವ ಮೊದಲು ಕೊಟ್ಟ ಸೂಚನೆಯ ಮಾತು, ಹಾಗೇ ನಕಲಾಗಿದೆ. ವರದಿ ಬರೆಯುವುದು ಪ್ರಯೋಗ ಮುಗಿದ ಮೇಲೆ.

ಪ್ರತಿ ಪದಕ್ಕೂ ಒಂದೇ ಪ್ರಶ್ನೆ

ಇದು ನಾವು ಮಾಡಿದ್ದಾ, ತಾನಾಗಿ ಆದದ್ದಾ, ಯಾವಾಗಲೂ ಹೀಗೇನಾ? ಅಡಿಗೆರೆ ಹಾಕಿದ ಪದಗಳಿಗೆಲ್ಲ ಇದನ್ನೇ ಕೇಳಿ. ನಾವು ಮಾಡಿದ್ದು ವಿಧಾನದ ಭಾಗಕ್ಕೆ ಹೋಗುತ್ತದೆ, ಭೂತಕಾಲದಲ್ಲಿ. ಆದದ್ದು ಫಲಿತಾಂಶಕ್ಕೆ, ಅದೂ ಭೂತಕಾಲದಲ್ಲೇ. ಯಾವಾಗಲೂ ನಿಜವಾದದ್ದಕ್ಕೆ ಮಾತ್ರ ‘ಆಗುತ್ತದೆ’.

ಈಗ ಕೊನೆಯ ವಾಕ್ಯ ನೋಡಿ. ‘4.4 ಮಿ.ಲೀ. ಬೇಕಾಗುತ್ತದೆ’ ಅಂದರೆ ಲೋಕದ ಎಲ್ಲ ಬಿಂಬುಳಿಗೂ ಅಷ್ಟೇ ಬೇಕು ಅಂತಾಯಿತು. ಇವರು ಅಳೆದದ್ದು ಒಂದು ಮರದ, ಒಂದು ದಿನ ಕೊಯ್ದ ಕಾಯಿ. ಪಕ್ಕದ ಮನೆಯ ಮರದ್ದು ಬೇರೆ ಬರಬಹುದು. ಆದ್ದರಿಂದ ‘ಬೇಕಾಯಿತು’ ಅನ್ನುವುದೇ ಸರಿ. ಇಲ್ಲಿ ಕಾಲ ತಪ್ಪಿದರೆ ವ್ಯಾಕರಣ ಅಷ್ಟೇ ಅಲ್ಲ, ವಿಜ್ಞಾನವೂ ತಪ್ಪುತ್ತದೆ. ‘ಫಿನಾಫ್ತಲೀನ್ ಆಮ್ಲದಲ್ಲಿ ಬಣ್ಣವಿಲ್ಲದೆ ಇರುತ್ತದೆ’ ಎಂಬ ಮಾತು ಬೇರೆ. ಅದು ಆ ದಿನದ ಸುದ್ದಿಯಲ್ಲ, ‘ಇತ್ತು’ ಅಂತ ತಿದ್ದಲು ಹೋಗಬೇಡಿ.

‘-ಲಾಯಿತು’ ಎಲ್ಲಿ ಎಡವುತ್ತದೆ

ನನ್ನನ್ನು ಕೇಳಿದರೆ ‘ಸೋಸಿದೆವು, ಹಾಕಿದೆವು’ ಅಂತ ಬರೆಯುವುದೇ ಚೆಂದ. ‘ನಾವು’ ಅಂತ ಬೇರೆ ಬರೆಯಬೇಕಾಗಿಲ್ಲ, ‘-ಎವು’ ಅದನ್ನು ಹೇಳಿಬಿಡುತ್ತದೆ. ಆದರೆ ಹಲವು ಟೀಚರುಗಳಿಗೆ ಆ ‘ಎವು’ ಕೂಡ ಬೇಡ. ನಮ್ಮ ಕಾಸರಗೋಡಿನ ಮಕ್ಕಳು ದಿನವಿಡೀ ಕೇಳುವ ಮಲಯಾಳದಲ್ಲಿ ಈ ತಾಪತ್ರಯವೇ ಇಲ್ಲ, ‘ಚೆಯ್ದು’ ಅಂದರೆ ನಾನು, ನೀನು, ಅವರು ಯಾರಿಗೂ ಸಲ್ಲುತ್ತದೆ. ಕನ್ನಡದಲ್ಲಿ ಮಾಡಿದವರನ್ನು ಮರೆಸಬೇಕಾದರೆ ‘-ಲಾಯಿತು’ ಬೇಕು. ಸರಿ, ಅದನ್ನೇ ಹಿಡಿದುಕೊಳ್ಳಿ. ಆದರೆ ವಿಧಾನ ಮುಗಿಯುವವರೆಗೂ ಬಿಡಬೇಡಿ, ನಡುವೆ ‘ಹಾಕಿದೆವು’ ನುಸುಳಬಾರದು.

ಇಲ್ಲಿ ಒಂದು ವಿಷಯ ಗಮನಿಸಿ. ‘ಅದು ಸೋಸಲಾಯಿತು’ ತಪ್ಪು, ‘ಅದನ್ನು ಸೋಸಲಾಯಿತು’ ಸರಿ. ‘-ಲಾಯಿತು’ ಬಂದಾಗ ವಸ್ತುವಿನ ಹೆಸರಿಗೆ ಹತ್ತಿದ ‘ಅನ್ನು’ ಹೋಗುವುದಿಲ್ಲ. ‘ಅದು ಸೋಸಲ್ಪಟ್ಟಿತು’ ಅಂದರೆ ವ್ಯಾಕರಣ ಸರಿಯೇ, ಆದರೆ ಹಾಗೆ ಯಾರು ಮಾತಾಡುತ್ತಾರೆ? ‘-ಲ್ಪಟ್ಟಿತು’ ಕಂಡಲ್ಲೆಲ್ಲ ನಾನು ಸುಮ್ನೆ ಹೊಡೆದುಹಾಕುತ್ತೇನೆ.

ಜಾಸ್ತಿ ಆಗುವ ತಪ್ಪು ‘ತಿರುಗಲಾಯಿತು’. ದ್ರಾವಣ ತಾನಾಗಿ ಗುಲಾಬಿಗೆ ತಿರುಗಿತು, ಯಾರೂ ಹಿಡಿದು ತಿರುಗಿಸಲಿಲ್ಲ. ತಾನಾಗಿ ಆಗುವ ಕೆಲಸಕ್ಕೆ ‘-ಲಾಯಿತು’ ಕೂಡುವುದಿಲ್ಲ. ‘ನೀರು ಕುದಿಯಲಾಯಿತು’, ‘ಉಪ್ಪು ಕರಗಲಾಯಿತು’ ಕೂಡ ಇದೇ ಜಾತಿಯವು. ನಾವು ಮಾಡಿದ್ದಾದರೆ ನಡುವೆ ‘ಇಸು’ ಬರಬೇಕು: ನೀರನ್ನು ಕುದಿಸಲಾಯಿತು, ಉಪ್ಪನ್ನು ಕರಗಿಸಲಾಯಿತು. ತಾನಾಗಿ ಆದದ್ದಾದರೆ ‘ಕುದಿಯಿತು’, ‘ಕರಗಿತು’ ಅಂದರೆ ಮುಗಿಯಿತು. ಅನುಮಾನ ಬಂದಾಗ ಆ ವಾಕ್ಯಕ್ಕೆ ‘ನಾವು’ ಸೇರಿಸಿ ನೋಡಿ. ‘ನಾವು ಕುದಿದೆವು’ ಅಂತ ಬಂದರೆ ಅಲ್ಲಿ ‘-ಲಾಯಿತು’ ಹಾಕುವಂತಿಲ್ಲ.

ಅದೇ ವಾಕ್ಯದ ಮೊದಲರ್ಧದಲ್ಲಿ ಇನ್ನೊಂದು ತೊಂದರೆ ಇದೆ. ‘ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ದ್ರಾವಣವು ತಿರುಗಿತು’ ಅಂದರೆ ಬಿಟ್ಟದ್ದು ದ್ರಾವಣವೇ ಅಂತಾಗುತ್ತದೆ. ‘ಬಿಟ್ಟು, ಕಲಕಿ, ಸೋಸಿ’ ಎಂಬವು ಬಂದರೆ ಮುಂದಿನ ಕೆಲಸವನ್ನೂ ಆ ಕೆಲಸ ಮಾಡಿದವರೇ ಮಾಡಬೇಕು. ಮಾಡಿದವರು ನಾವು, ಆದದ್ದು ದ್ರಾವಣಕ್ಕೆ ಅಂತಾದರೆ ‘ಬಿಟ್ಟಾಗ’ ಅನ್ನಿ.

ತಿದ್ದಿದ ಮೇಲೆ

ಸಂಜೆ ಕೂತು ಅವಳೇ ಬರೆದಳು. ವಿಧಾನ:

“10 ಮಿ.ಲೀ. ಬಿಂಬುಳಿ ರಸವನ್ನು ಬಟ್ಟೆಯಲ್ಲಿ ಸೋಸಿ, ಡಿಸ್ಟಿಲ್ಡ್ ನೀರು ಸೇರಿಸಿ 100 ಮಿ.ಲೀ.ಗೆ ತರಲಾಯಿತು. ಅದರಲ್ಲಿ 20 ಮಿ.ಲೀ. ದ್ರಾವಣವನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿ ಎರಡು ಹನಿ ಫಿನಾಫ್ತಲೀನ್ ಸೇರಿಸಲಾಯಿತು. ಗುಲಾಬಿ ಬಣ್ಣ ಅರ್ಧ ನಿಮಿಷ ನಿಲ್ಲುವವರೆಗೆ ಬ್ಯೂರೆಟ್‌ನಿಂದ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡಲಾಯಿತು. ಇದನ್ನು ಮೂರು ಸಲ ಮಾಡಲಾಯಿತು.”

ಏಳು ಕಡೆ ‘-ಲಾಯಿತು’ ಬರಬಹುದಿತ್ತು, ನಾಲ್ಕಕ್ಕೆ ಇಳಿಯಿತು. ‘ಸೋಸಿ, ಸೇರಿಸಿ, ಹಾಕಿ’ ಅಂತ ಪೋಣಿಸಿದ್ದರಿಂದ ಆದ ಲಾಭ ಇದು. ಮಾಡಿದವರು ಒಬ್ಬರೇ ಆದ್ದರಿಂದ ಇಲ್ಲಿ ಪೋಣಿಸಿದರೆ ಅಡ್ಡಿಯಿಲ್ಲ.

ಫಲಿತಾಂಶ:

“ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟಾಗ ದ್ರಾವಣ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತು. ಇದಕ್ಕೆ ಮೊದಲ ಸಲ 4.6 ಮಿ.ಲೀ., ಮುಂದಿನ ಎರಡು ಸಲವೂ 4.4 ಮಿ.ಲೀ. ಬೇಕಾಯಿತು. ಮೊದಲ ರೀಡಿಂಗನ್ನು ಸರಾಸರಿಗೆ ಸೇರಿಸಲಾಗಲಿಲ್ಲ. ಮೂರೂ ರೀಡಿಂಗುಗಳು ಪಟ್ಟಿ 1ರಲ್ಲಿ ಇವೆ.”

ಮೂರನೆಯ ವಾಕ್ಯ ಓದಿ “ಯಾಕೆ, ಸೇರಿಸೋದಕ್ಕೆ ಏನು ಕಷ್ಟ ಆಯಿತು?” ಅಂತ ಕೇಳಿದೆ. ಅವಳು ಮುಖ ನೋಡಿದಳು. ‘ಸೇರಿಸಲಾಯಿತು’ ಎಂಬುದಕ್ಕೆ ಇಲ್ಲ ಸೇರಿಸಿದರೆ ಕನ್ನಡದಲ್ಲಿ ಅರ್ಥವೇ ಜಾರುತ್ತದೆ. ‘ಸೇರಿಸಲಾಗಲಿಲ್ಲ’ ಅಂದರೆ ಸೇರಿಸಲು ಆಗಲಿಲ್ಲ, ಕೈಲಾಗಲಿಲ್ಲ ಅಂತಲೇ ಓದುಗ ತಿಳಿಯುವುದು. ಬೇಕೆಂದೇ ಬಿಟ್ಟದ್ದಾದರೆ ‘ಕೈಬಿಡಲಾಯಿತು’ ಅಥವಾ ‘ಸೇರಿಸಿಲ್ಲ’ ಅನ್ನಬೇಕು. ಅವಳು ‘ಮೊದಲ ರೀಡಿಂಗ್ ಅಂದಾಜಿನದ್ದಾದ್ದರಿಂದ ಅದನ್ನು ಕೈಬಿಡಲಾಯಿತು’ ಅಂತ ಮಾಡಿದಳು.

ಆಮೇಲೆ ಉತ್ಸಾಹದಲ್ಲಿ ಕೊನೆಯ ‘ಇವೆ’ಯನ್ನೂ ‘ಇದ್ದವು’ ಅಂತ ತಿದ್ದಲು ಹೊರಟಳು. ಪೆನ್ಸಿಲ್ ಕಸಿದುಕೊಂಡೆ. ಪ್ರಯೋಗ ಮುಗಿದಿದ್ದರೂ ಪಟ್ಟಿ ಓದುವವರ ಕಣ್ಣೆದುರೇ ಇದೆ ಅಲ್ವಾ?