ಠೇವಣಿಯ 8.30% ‘ಪ್ರತಿಫಲ’ವನ್ನು ನಂಬುವ ಮುನ್ನ

ಐದು ವರ್ಷದ ನಿಶ್ಚಿತ ಠೇವಣಿಯ ಕರಪತ್ರದಲ್ಲಿ ‘ಬಡ್ಡಿ 7%, ವಾರ್ಷಿಕ ಪ್ರತಿಫಲ 8.30%’ ಎಂದಿದ್ದರೆ ದಯವಿಟ್ಟು ಎರಡನೆಯ ಅಂಕಿಗೆ ಮರುಳಾಗಬೇಡಿ.

ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ಹಾಗಾಗಿ ಒಂದು ಲಕ್ಷ ರೂಪಾಯಿಗೆ ಮೊದಲ ವರ್ಷ 7,000 ಅಲ್ಲ, 7,186 ರೂಪಾಯಿ ಬರುತ್ತದೆ. ನಿಜವಾದ ವಾರ್ಷಿಕ ದರ 7.19%, ಅಷ್ಟೇ. ಪ್ರತಿ ತಿಂಗಳು ಸೇರಿಸಿದರೂ 7,229. ಆ 43 ರೂಪಾಯಿಗಾಗಿ ಬ್ಯಾಂಕ್ ಬದಲಿಸುವ ಅಗತ್ಯವಿಲ್ಲ.

ಹಾಗಾದರೆ 8.30% ಎಲ್ಲಿಂದ ಬಂತು? ಐದು ವರ್ಷದ ಒಟ್ಟು ಬಡ್ಡಿ 41,478. ಅದನ್ನು ಸುಮ್ಮನೆ ಐದರಿಂದ ಭಾಗಿಸಿದ್ದಾರೆ. ಅವಧಿ ಹತ್ತು ವರ್ಷವಾದರೆ ಅದೇ 7% ಇನ್ನೂ ದೊಡ್ಡದಾಗಿ ಕಾಣುತ್ತದೆ. ಎರಡು ಠೇವಣಿಗಳನ್ನು ಹೋಲಿಸುವಾಗ ಒಂದು ಲಕ್ಷಕ್ಕೆ, ಒಂದೇ ಅವಧಿಗೆ, ಕೊನೆಯಲ್ಲಿ ಕೈಗೆ ಬರುವ ಮೊತ್ತವನ್ನೇ ಬರೆಸಿಕೊಳ್ಳಿ.